ಹಿಂದಿನ ಎರಡು ಕೋಣೆಗಳ ಬಾಡಿಗೆ

ಯಜಮಾನರು ತೀರಿಕೊಂಡ ಮೇಲೆ ಭದ್ರಾವತಿಯ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟೆವು. ಕೊಟ್ಟಿದ್ದು ನನ್ನ ಜೊತೆಗೇ ಇದ್ದ ಮೈದುನ. ಮನೆ ನನ್ನ ಹೆಸರಿನಲ್ಲಿದ್ದರೂ ಮಾತೆಲ್ಲ ಅವನದೇ. ಬಂದವನು ಲೇತ್ ಕೆಲಸದವನು; ಹೆಂಡತಿ, ಎಳೆಗೂಸು. "ನೀರು, ಕರೆಂಟು ಎಲ್ಲ ಸೇರಿ ಒಂಬೈನೂರು" ಅಂದಿದ್ದ ಮೈದುನ. ಮೀಟರ್ ಒಂದೇ. ಬಾವಿಯ ಮೋಟರೂ ಅದರ ಮೇಲೇ.

ಬೇಸಿಗೆಯಲ್ಲಿ ಕರೆಂಟ್ ಬಿಲ್ಲು ಎರಡರಷ್ಟಾಯಿತು. ಮೈದುನ ಹಿತ್ತಲಿಗೆ ನುಗ್ಗಿದ.

"ಮುನ್ನೂರು ಜಾಸ್ತಿ ಇಡು!"

"ಎಲ್ಲ ಸೇರಿ ಅಂದಿದ್ರಲ್ಲ ಸಾರ್? ನಮ್ಮಲ್ಲಿರೋದು ಎರಡು ಬಲ್ಬು, ಒಂದು ಫ್ಯಾನು."

ಮೈದುನ ಅವರ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಫ್ಯಾನು ನಿಂತು ಮಗು ಅತ್ತಿತು. ಲೇತಿನವನು ಫ್ಯೂಸಿಗಾಗಿ ಮೈದುನನ ಜೇಬಿಗೆ ಕೈ ಹಾಕಿದ್ದೇ ತಡ, ಮೈದುನ ಬಚ್ಚಲ ಬದಿಯ ಕಬ್ಬಿಣದ ಪೈಪೆತ್ತಿ ಅವನ ಹೆಗಲಿಗೆ ಬಾರಿಸಿದ. ಎರಡನೇ ಏಟಿಗೆ ನಾನು ಅಡ್ಡ ಹೋದೆ. ಮಣಿಕಟ್ಟು ಮುರಿದ ಸದ್ದು ನನಗೇ ಕೇಳಿಸಿತು. ಲೇತಿನವನು ಪೈಪು ಕಿತ್ತೆಸೆದು, ಮೈದುನನನ್ನು ಒಗೆಯುವ ಕಲ್ಲಿನ ಮೇಲೆ ಕೆಡವಿ, ಎದೆ ಮೇಲೆ ಕೂತು ಗುದ್ದತೊಡಗಿದ. ತುಟಿ ಹರಿದು ರಕ್ತ ಸುರಿಯಿತು. ಹೆಂಡತಿ ಮಗುವನ್ನು ನೆಲಕ್ಕೆ ಬಿಟ್ಟು ಗಂಡನ ಕೂದಲು ಹಿಡಿದೆಳೆದಳು. ಆಗ ಬಿಟ್ಟ.

ಆಟೋದಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದವನೂ ಲೇತಿನವನೇ. ಮೈದುನ ಶಿವಮೊಗ್ಗದ ಗೆಳೆಯನ ಮನೆಗೆ ಹೋಗಿದ್ದ.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದು ವೈರ್‌ಮನ್ನನ್ನು ಕರೆಸಿದೆ. ಎಲ್ಲ ಆರಿಸಿದಾಗ ಮೀಟರ್ ನಿಂತಿತು. ಮೋಟರ್ ಹಾಕಿದಾಗ ಓಡಿತು, ಆದರೆ ಟ್ಯಾಂಕು ತುಂಬಲೇ ಇಲ್ಲ. ಬಾವಿ ಹತ್ತಿರ ಮಣ್ಣು ಕೆಸರಾಗಿತ್ತು. ಅಗೆದರೆ ಪೈಪು ಸೀಳಿತ್ತು; ನೀರು ಅಲ್ಲೇ ಸೋರಿ, ಮೋಟರು ಹೊತ್ತುಗಟ್ಟಲೆ ಓಡಿ ಬಿಲ್ಲು ಏರಿತ್ತು.

"ಇದು ಮನೆ ರಿಪೇರಿ. ಖರ್ಚು ನನ್ನದು" ಅಂದೆ ಲೇತಿನವನಿಗೆ.

ಬೀದಿಯಲ್ಲಿ ವಿಚಾರಿಸಿದೆ. ಇಂಥವೇ ಕೋಣೆಗಳಿಗೆ, ಬೇರೆ ಬಚ್ಚಲಿದ್ದರೆ, ಕರೆಂಟು ಬಿಟ್ಟು ಏಳುನೂರೈವತ್ತು. ನಮ್ಮದು ಬಚ್ಚಲೂ ಒಂದೇ ಅಂತ ಆರುನೂರೈವತ್ತು ಮಾಡಿದೆ. ಅವರ ಕೋಣೆಗಳಿಗೊಂದು, ಮೋಟರಿಗೊಂದು ಸಬ್‌ಮೀಟರು. ಅವರು ಉರಿಸಿದ್ದು ಅವರದು. ಮೋಟರಿನದನ್ನು ದೊಡ್ಡವರ ತಲೆ ಲೆಕ್ಕದಲ್ಲಿ ಹಂಚುವುದು. ಸುಣ್ಣಬಣ್ಣ, ಪೈಪು ನನ್ನದು. ಬಲ್ಬು ಹೋದರೆ ಅವರದು.

ಸುದ್ದಿ ಕೇಳಿ, ಊದಿದ ಮುಖ ಹೊತ್ತು ಮೈದುನ ಬಂದ. ಗೋಡೆಯ ಹೊಸ ಮೀಟರುಗಳನ್ನು ಕಂಡವನೇ ಹಾರೆಯೆತ್ತಿ ಒಂದನ್ನು ಪುಡಿ ಮಾಡಿದ. ಗಾಜು ನನ್ನ ಕಾಲಿಗೆ ಸಿಡಿಯಿತು.

"ನನ್ನನ್ನ ಹೊಡೆದವನಿಗೆ ಬಾಡಿಗೆ ಇಳಿಸ್ತೀರಾ ಅತ್ತಿಗೆ?"

"ಫ್ಯೂಸು ಕಿತ್ತವನು ಯಾರು? ಮನೆ ನನ್ನದು. ನೀನು ಹೊರಡು."

ಹಾರೆ ಮತ್ತೆ ಮೇಲೆದ್ದಿತು. ನಾನು ಕದಲಲಿಲ್ಲ. ಲೇತಿನವನು ಬಾಗಿಲಿಗೆ ಬಂದ. ಬರಬೇಡ ಅಂತ ಕೈಸನ್ನೆ ಮಾಡಿದೆ.

"ಹೊಡಿ. ಇನ್ನೊಂದು ಕೈ ಉಳಿದಿದೆ."

ಮೈದುನ ಹಾರೆ ಬಿಸುಟು ಬಟ್ಟೆ ತುಂಬಿಕೊಂಡು ಹೋದ. ಮೋಟರಿನ ಖರ್ಚಿಗೆ ಆಮೇಲೆ ಮೂರೇ ತಲೆ. ಎರಡು ಪಾಲು ಅವರು ಕೊಟ್ಟರು, ಒಂದು ನಾನು. ಬಾಡಿಗೆ ಏರಿಸುವಾಗಲೆಲ್ಲ ಲೇತಿನವನ ಹೆಂಡತಿ ಜಗಲಿಯಲ್ಲಿ ಕೂತು ನನ್ನೊಡನೆ ಜೋರಾಗಿ ಚೌಕಾಸಿ ಮಾಡುತ್ತಿದ್ದಳು.