ಅರ್ಧ ಇಂಚಿನ ಮಾತು

ನಮ್ಮ ಚಿಕ್ಕಮ್ಮ ಮೂವತ್ತು ವರ್ಷ ಹೊಲಿಗೆ ಮಷೀನ್ ತುಳಿದವಳು. ಕೊರಳಲ್ಲಿ ಟೇಪು, ರವಿಕೆಯ ತೋಳಿನಲ್ಲಿ ಸೂಜಿ, ಬಾಯಲ್ಲಿ ಬೈಗುಳ. ಅವಳ ಪಾಠಗಳನ್ನು ವಿಡಿಯೋ ಮಾಡಿ ಹಾಕುವುದು ನನ್ನ ಪಾಲಿನ ಕೆಲಸ. ಅಂಗಿ ಕತ್ತರಿಸುವ ಪಾಠವನ್ನು ಎಂಬತ್ತು ಸಾವಿರ ಜನ ನೋಡಿದಾಗ ನಾನು ಬೀಗಿದೆ.

"ನೋಡಿದ್ರು, ಸರಿ. ಒಬ್ರಾದ್ರೂ ಹೊಲಿದ್ರೇನೋ?" ಎಂದಳು.

ಹೊಲಿದಿದ್ದರು. ಕೆಳಗೆ ಒಬ್ಬಾಕೆ ಬರೆದಿದ್ದಳು: "ತೀರಿಹೋದ ಅಮ್ಮನ ರೇಷ್ಮೆ. ನೀವು ಹೇಳಿದ ಅಳತೆಗೇ ಕತ್ತರಿಸಿದೆ. ಮಗಳ ಮೈಗೆ ಏರ್ತಿಲ್ಲ. ಇನ್ನು ಬಟ್ಟೆ ಉಳಿದಿಲ್ಲ."

ಚಿಕ್ಕಮ್ಮನ ಮುಖ ಬಿಳುಚಿಕೊಂಡಿತು. "ಹೊಲಿಗೆಗೆ ಅರ್ಧ ಇಂಚು ಬಿಡಿ ಅಂತ ನಾನು ಹೇಳ್ಲೇ ಇಲ್ವಾ? ಅಯ್ಯೋ, ಮರೆವು ಬಂತಲ್ಲೋ ನಂಗೆ!"

ಹೇಳಿದ್ದಳು. ಆ ಮಾತಿನ ಬೆನ್ನಿಗೇ ಕೆಮ್ಮಿದ್ದಳು. ಕೆಮ್ಮನ್ನು ತೆಗೆಯುವಾಗ ಅವಸರದಲ್ಲಿ ಮಾತನ್ನೂ ಕತ್ತರಿಸಿ ಎಸೆದವನು ನಾನು. ಆದರೂ ನನ್ನ ನಾಲಿಗೆ ಏಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

"ಈಗ ಅದರಲ್ಲೇ ಸೇರ್ಸೋಕಾಗಲ್ವಾ?"

"ಆಗಲ್ಲ ಚಿಕ್ಕಮ್ಮ. ಹೆಸರು, ಕೆಳಗಿನ ಬರಹ, ಮುಖಚಿತ್ರ ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು. ಮಧ್ಯದ ತುಂಡು ತೆಗೀಬಹುದು. ಇಲ್ಲದ ಮಾತು ಸೇರ್ಸೋಕಾಗಲ್ಲ. ಹೊಸದಾಗಿ ಹಾಕ್ಬೇಕು. ಲಿಂಕೂ ಬೇರೆ, ನೋಡಿದೋರ ಲೆಕ್ಕವೂ ಸೊನ್ನೆಯಿಂದ. ಕೆಳಗೆ ಒಂದು ತಿದ್ದುಪಡಿ ಬರೆದ್ರೆ ಸಾಕು ಬಿಡು."

"ಕತ್ತರಿ ಕೈಲಿ ಹಿಡಿದೋರು ಕೆಳಗಿಂದು ಓದ್ತಾರೇನೋ? ಹೊಸದೇ ಹಾಕು."

ಮರುದಿನ ಅದೇ ಮೇಜಿನ ಮುಂದೆ ಕೂತು ಹೊಸದಾಗಿ ಹೇಳಿದಳು. ಹಳೆಯದನ್ನು ನಾನು ಎಲ್ಲರ ಕಣ್ಣಿಗೆ ಬೀಳದಂತೆ ಮರೆಗೆ ಸರಿಸಿ, ಹೊಸದನ್ನು ಹಾಕಿದೆ. ಅದು ಶುರುವಾಗುವುದೇ ಅವಳ ಈ ಮಾತಿನಿಂದ: "ಹಿಂದಿನ ಪಾಠದಲ್ಲಿ ಅರ್ಧ ಇಂಚು ಹೇಳೋಕೆ ಮರೆತೆ. ತಪ್ಪು ನಂದೇ. ಬಟ್ಟೆ ಕಳ್ಕೊಂಡೋರು ಕ್ಷಮಿಸಿ."

ಆ ಮಾತು ನಿಜವಲ್ಲವೆಂದು ನನಗೊಬ್ಬನಿಗೇ ಗೊತ್ತಿತ್ತು. ಆದರೂ ಹಾಕಿದೆ.

ಸಂಜೆ ಅವಳು ಆ ಹೆಂಗಸಿಗೆ ಉತ್ತರ ಬರೆಯುತ್ತಿದ್ದಳು. ಒಂದೊಂದೇ ಅಕ್ಷರ ಒತ್ತುತ್ತಾ, "ವಯಸ್ಸಾಗಿದೆ ತಾಯಿ, ಇನ್ಮೇಲೆ ಪಾಠ ನಿಲ್ಲಿಸ್ತೀನಿ" ಎನ್ನುವಲ್ಲಿಗೆ ಬಂದಿದ್ದಳು. ನನಗೆ ತಡೆಯಲಾಗಲಿಲ್ಲ.

"ನಿಲ್ಲಿಸ್ಬೇಡ. ನೀನು ಹೇಳಿದ್ದೆ. ಕತ್ತರಿಸಿದ್ದು ನಾನು."

ಅವಳು ಕನ್ನಡಕ ತೆಗೆದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನೆ ರಾತ್ರಿಯಿಡೀ ನಿದ್ದೆ ಮಾಡಿಲ್ಲ ಕಣೋ ನಾನು," ಎಂದಳಷ್ಟೇ.

"ಕ್ಷಮಿಸು ಚಿಕ್ಕಮ್ಮ. ತಪ್ಪು ನಂದೇ ಅಂದ ನಿನ್ನ ಮಾತು ಈಗ್ಲೇ ತೆಗೀತೀನಿ."

"ತೆಗೀಬಹುದು. ನಿನ್ನ ಮಾತು ಸೇರ್ಸೋಕಾಗುತ್ತಾ?"

ಆಗದು. ನಾನೇ ಹೇಳಿದ್ದೆನಲ್ಲ.

ಹೊಸದನ್ನು ಆಗಲೇ ನಾನೂರು ಜನ ನೋಡಿದ್ದರು. ಅದನ್ನು ಅಳಿಸಿದೆ. ಚಿಕ್ಕಮ್ಮ ಎದ್ದು ಮೇಜಿನ ದೀಪ ಹಾಕಿ, ತನ್ನ ಕುರ್ಚಿಯನ್ನು ಕ್ಯಾಮೆರಾ ಮುಂದೆ ಸರಿಸಿದಳು. ತಾನು ಕೂರಲಿಲ್ಲ.

"ಕೂತ್ಕೋ," ಎಂದಳು. "ಕೆಮ್ಮು ಬಂದ್ರೂ ಕತ್ತರಿಸ್ಬೇಡ."