ಫೋನಿನೊಳಗೆ ಉಳಿದ ಅಕ್ಕನ ಬೆನ್ನು

ಬೀಗರೂಟದ ದಿನ ನನ್ನ ಫೋನು ಎಷ್ಟು ಕೈ ದಾಟಿತೋ ನನಗೆ ಗೊತ್ತಿಲ್ಲ. ಎಲ್ಲವೂ ಮಟನ್ ತಿಂದ ಕೈಗಳು. ಪಾಂಡವಪುರದ ಕಲ್ಯಾಣ ಮಂಟಪದಲ್ಲಿ ಅಣ್ಣನ ಮೊಮ್ಮಗಳ ಬೀಗರೂಟ. ಹಿಂದಿನ ವಾರ ಧಾರೆಯಲ್ಲಿ ನಾನು ತೆಗೆದ ಫೋಟೋಗಳು ಚೆನ್ನಾಗಿವೆ ಎಂದು ಯಾರೋ ಬಾಯಿ ಬಿಟ್ಟರು. ಸರಿ, ಪಂಕ್ತಿಯ ಈ ಕೊನೆಯಿಂದ ಆ ಕೊನೆಗೆ ಫೋನು ಹೊರಟಿತು. ಬಾಯಿಂದ ಮೂಳೆ ತೆಗೆದ ಬೆರಳು, ತೆಗೆದ ಹಾಗೇ ಸ್ಕ್ರೀನಿನ ಮೇಲೆ ಆಡುತ್ತಿತ್ತು. ಆದರೆ ಬೀಗರ ಮುಂದೆ ಕಿತ್ತುಕೊಳ್ಳುವುದು ಹೇಗೆ?

"ಲಾಕ್ ಆಗೋಯ್ತು, ಏನ್ ಒತ್ಬೇಕು?" ಎಂದು ಆ ಕಡೆಯಿಂದ ಒಂದು ದನಿ.

"ಒಂದು, ಆರು ಸಲ," ಎಂದು ನಾನೇ ಕೂಗಿ ಹೇಳಿದೆ. ಬಸ್ಸಿನಲ್ಲಿ, ಔಷಧಿ ಅಂಗಡಿಯಲ್ಲಿ, ಎಲ್ಲೆಡೆ ನಾನು ಹೀಗೇ ಹೇಳುವುದು. ಕಣ್ಣು ಮಂಜು, ಬೆರಳು ನಡುಗುತ್ತದೆ, ಯಾರಾದರೂ ಒತ್ತಿಕೊಡಬೇಕು. ನಮ್ಮ ಬಂಧುಬಳಗದಲ್ಲಿ ನನ್ನ ಪಾಸ್‌ಕೋಡ್ ತಿಳಿಯದವರೇ ಇರಲಿಲ್ಲ.

ಎಲೆ ಎತ್ತಿದರು. ಫೋನು ಹಿಂದಿರುಗಿ ಬರಲಿಲ್ಲ.

ಆ ಫೋನಿನಲ್ಲಿ ನನ್ನ ಅಕ್ಕನ ಬೆನ್ನು ಇತ್ತು. ಹಾಗೆಂದು ಬರೆಯಲೂ ಈಗ ಸಂಕೋಚವಾಗುತ್ತದೆ. ಅಕ್ಕ ಕೊನೆಯ ವರ್ಷ ಶ್ರೀರಂಗಪಟ್ಟಣದಲ್ಲಿ ನನ್ನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ಮಲಗಿ ಮಲಗಿ ಬೆಡ್‌ಸೋರ್ ಹುಣ್ಣಾಗಿ ಸೊಂಟದ ಮೇಲೆ ಅಂಗೈಯಗಲ ಮಾಂಸ ಕಾಣುತ್ತಿತ್ತು. ದಿನಾ ಡ್ರೆಸ್ಸಿಂಗ್ ಮಾಡುವಾಗ ಫೋಟೋ ತೆಗೆದು ಕಳಿಸಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ, "ತಗ್ದಾಯ್ತಾ? ಮುಚ್ಚು," ಎನ್ನುತ್ತಿದ್ದಳು. ಬಚ್ಚಲಿನಿಂದ ಹೊರಬರುವಾಗಲೂ ಹೆಗಲು ಕಾಣದ ಹಾಗೆ ಸೆರಗು ಹೊದ್ದು ಬರುತ್ತಿದ್ದವಳು ಅವಳು. ಕಾನ್ವೆಂಟಿಗೆ ಹೋದವಳು ನಾನು. ಆದರೆ ಸಿಸ್ಟರುಗಳು ನಮಗೆ ಹೇಳಿಕೊಡಲು ಒದ್ದಾಡುತ್ತಿದ್ದ ಮಾಡೆಸ್ಟಿ, ಶಾಲೆಯ ಮುಖವನ್ನೇ ಕಾಣದ ಅಕ್ಕನ ಮೈಯಲ್ಲಿ ಸಹಜವಾಗಿತ್ತು. ಅವಳು ಹೋದ ಮೇಲೆ ಆ ಫೋಟೋಗಳನ್ನು ಅಳಿಸಲು ನನಗೆ ಮನಸ್ಸಾಗಿರಲಿಲ್ಲ. ನೋಡುತ್ತಲೂ ಇರಲಿಲ್ಲ. ಅವಳಿಗಾಗಿ ನನ್ನ ಕೈ ಮಾಡಿದ ಕೊನೆಯ ಕೆಲಸ ಅದರಲ್ಲಿ ಇತ್ತು, ಅಷ್ಟೇ.

ಸಂಜೆ ಅಣ್ಣನ ಮಗನ ಮನೆಯಲ್ಲಿ, ಅವನ ಹೆಂಡತಿಯ ಲ್ಯಾಪ್‌ಟಾಪಿನ ಸುತ್ತ ಗಂಡಸರು ನೊಣದಂತೆ ಮುತ್ತಿದ್ದರು. ಅವಳು ಹೈಸ್ಕೂಲಿನಲ್ಲಿ ಟೀಚರು, ಇಂಥದ್ದೆಲ್ಲ ತಿಳಿದವಳು. ನನ್ನದು ಹಳೆಯ ಐಫೋನು, ಅಕ್ಕನ ಮಗಳು ತಾನು ಹೊಸದು ಕೊಂಡಾಗ ಕೊಟ್ಟದ್ದು. ಅದರ ಅಕೌಂಟಿನ ಪಾಸ್‌ವರ್ಡ್ ಮಾತ್ರ ನನಗೆ ನೆನಪಿತ್ತು. ಕಾನ್ವೆಂಟ್ ಹಾಸ್ಟೆಲಿನ ನಾಯಿಯ ಹೆಸರು ಅದು, ಯಾರಿಗೂ ಕೂಗಿ ಹೇಳಿರಲಿಲ್ಲ. ಕಳೆದ ಫೋನು ಹುಡುಕುವ ಪುಟ ತೆರೆಯಲು ಅಷ್ಟೇ ಸಾಕಂತೆ, ಓಟಿಪಿ ಬೇಡವಂತೆ. ಭೂಪಟದ ಮೇಲೆ ಒಂದು ಚುಕ್ಕೆ ಮೂಡಿತು. ಕೆ.ಆರ್. ಪೇಟೆ ದಾಟಿ ಕಿಕ್ಕೇರಿ ರಸ್ತೆ. ಅಲ್ಲಿಂದಾಚೆಗೆ ಫೋನು ಆಫ್‌ಲೈನ್.

"ಕಿಕ್ಕೇರಿ ಕಡೆಯೋರೇ ಕಣ್ಲಾ," ಎಂದ ನನ್ನ ಮೈದುನ, ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ. "ಗಾಡಿ ತೆಗಿ, ಹೋಗಿ ಇಡ್ಕಂಡ್ ಬರಾನ."

"ಸಿಮ್ ಆಗ್ಲೇ ಬ್ಲಾಕ್ ಮಾಡಿಸ್ಬುಟ್ಟೆ ಮಾವ," ಎಂದ ಅಣ್ಣನ ಮಗ ಹೆಮ್ಮೆಯಿಂದ.

ಅವನ ಹೆಂಡತಿ ಕೀಲಿಮಣೆಯಿಂದ ಕೈ ತೆಗೆದಳು. "ನನ್ನೊಂದ್ ಮಾತು ಕೇಳಬಾರ್ದಾ? ಸಿಮ್ ಸತ್ತೋದ್ಮೇಲೆ ಆ ಫೋನಿಗೆ ನೆಟ್ ಎಲ್ಲಿಂದ ಬತ್ತದೆ? ನಾವಿಲ್ಲಿ ಏನೇ ಒತ್ತಿದ್ರೂ ಅದಕ್ಕೆ ಮುಟ್ಟೋದು ನೆಟ್ ಬಂದಾಗ್ಲೇ."

"ಬ್ಯಾಂಕಿನ ಓಟಿಪಿ ಹೋಗ್ಬುಟ್ರೆ?" ಎಂದ ಅವನು.

ಅದೂ ನಿಜವೇ.

"ಎರೇಸ್ ಮಾಡಮ್ಮ," ಎಂದೆ ನಾನು. "ಅದರಲ್ಲಿರೋದೆಲ್ಲ ಅಳಿಸಿಬಿಡು."

ಗಂಡಸರೆಲ್ಲ ಒಟ್ಟಿಗೆ ತಿರುಗಿದರು. ಅಳಿಸಿದರೆ ಅಷ್ಟು ಹಳೆಯ ಫೋನು ಎಲ್ಲಿದೆ ಎಂದು ಮತ್ತೆ ತೋರಿಸುವುದಿಲ್ಲ, ಕಳ್ಳ ಕೈತಪ್ಪುತ್ತಾನೆ. ಲಾಸ್ಟ್ ಎಂದು ಗುರುತು ಹಾಕಿದರೆ ಫೋನು ತಾನೇ ಲಾಕ್ ಆಗುತ್ತದೆ, ಜಾಗವೂ ತಿಳಿಯುತ್ತದೆ. ಅಷ್ಟು ಸಾಕು ಎಂದರು. ಮೈದುನ ನಕ್ಕ. "ಅತ್ಗೆ, ನಿಮ್ ಫೋನಲ್ಲಿ ಅಂತಾದ್ ಏನೈತೆ? ರಹಸ್ಯದ ಫೋಟೋ ಏನಾರ ಮಡಗಿದ್ರಾ?"

ನಗೆ ಕೋಣೆಯೆಲ್ಲ ಹರಡಿತು. ಅವನ ಎಲೆಯಡಿಕೆಯ ಬಾಯಿಯನ್ನು ನೋಡಲಾರದೆ ನಾನು ನನಗೂ ಸೊಸೆಯೇ ಆದ ಆ ಟೀಚರನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಪಾತ್ರೆಗಳ ನಡುವೆ ನಿಂತು ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಲಾಕ್ ಮಾಡಿದ್ರೆ ಸಾಲಲ್ವಾ?" ಎಂದೆ.

"ಸಾಲಲ್ಲ ಅತ್ತೆ. ಲಾಕ್ ಮಾಡಿದ್ರೂ ಅದನ್ನ ತೆಗೆಯೋದು ನಿಮ್ಮ ಹಳೇ ಕೋಡಿಂದಲೇ. ಒಂದು, ಆರು ಸಲ. ಇಡೀ ಮಂಟಪಕ್ಕೆ ಗೊತ್ತು."

ಅವಳು ಬಂದು ಯಾರನ್ನೂ ಕೇಳದೆ ಎರೇಸ್ ಒತ್ತಿದಳು. ಮತ್ತೆ ಪಾಸ್‌ವರ್ಡ್ ಕೇಳಿತು. ಅಳಿಸಿದ ಮೇಲೆ ಆ ಫೋನಿನ ಮೇಲೆ ತೋರಿಸಲು ಒಂದು ನಂಬರು, ಒಂದು ಮೆಸೇಜು ಕೇಳಿತು. ತನ್ನ ನಂಬರು ಕೊಟ್ಟಳು. ಮೆಸೇಜಿಗೆ ಮೈದುನ ಹೇಳಿದ ಬೈಗುಳವನ್ನು ಇಲ್ಲಿ ಬರೆಯಲಾರೆ. ನಾನು ಹೇಳಿದ್ದು ಇಂಗ್ಲಿಷಿನ ಎರಡೇ ಸಾಲು, ಕೊನೆಯಲ್ಲಿ ಪ್ಲೀಸ್. ಅಭ್ಯಾಸ.

"ಎರೇಸ್ ಪೆಂಡಿಂಗ್" ಎಂದು ಬಂತು. ಕಾಯಬೇಕು. ಆ ಫೋನು ಯಾವುದಾದರೂ ವೈಫೈಗೋ ಯಾರದಾದರೂ ಹಾಟ್‌ಸ್ಪಾಟಿಗೋ ಸೇರಿದ ಗಳಿಗೆಯಲ್ಲಿ ಅಳಿಸಿಹೋಗುತ್ತದೆ. ಅಲ್ಲಿಯವರೆಗೆ ಒಂದು, ಆರು ಸಲ.

ಪೊಲೀಸ್ ಕಂಪ್ಲೇಂಟಿನ ಮಾತು ಬಂದಾಗ ಅಣ್ಣನ ಮಗ ಕೈಮುಗಿದ. "ಬ್ಯಾಡ ಅತ್ತೆ. ಬೀಗರೂಟದಲ್ಲಿ ಕಳ್ತನ ಆಯ್ತು ಅಂದ್ರೆ ನಮ್ ಮಗ್ಳು ಅಲ್ಲಿ ಬಾಳ್ಬೇಕಲ್ವಾ?"

ಒಪ್ಪಿಕೊಂಡೆ. ಸೊಸೆ ತನ್ನ ಹಳೆಯ ಐಫೋನು ಕೊಟ್ಟಳು, ಅದೇ ನಂಬರಿಗೆ ಹೊಸ ಸಿಮ್ ಹಾಕಿಸಿದಳು, ನನ್ನ ಅಕೌಂಟು ತೆರೆದಳು, ಯಾರೂ ಊಹಿಸದ ಕೋಡ್ ಇಟ್ಟಳು. ಶ್ರೀರಂಗಪಟ್ಟಣಕ್ಕೆ ಬಂದು ಕುಳಿತು ಕಾದೆ. ಕಾವೇರಿಯ ಕಡೆಯ ಕಿಟಕಿ ತೆರೆದರೂ ಮೂಗಿನಲ್ಲಿ ಆ ಮಂಟಪದ ಮಸಾಲೆ ವಾಸನೆ. ಯಾವನೋ ಎಲ್ಲೋ ಮಂಚದ ಮೇಲೆ ಬಿದ್ದುಕೊಂಡು ಹೆಬ್ಬೆರಳಿನಿಂದ ಅಕ್ಕನನ್ನು ಸರಿಸುತ್ತಿದ್ದಾನೆ, ದೊಡ್ಡದು ಮಾಡಿ ನೋಡುತ್ತಿದ್ದಾನೆ ಎನಿಸಿ ಊಟ ಸೇರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಸಿಸ್ಟರುಗಳು ನಮ್ಮ ಕಾಗದ ಒಡೆದು ಓದಿಯೇ ಕೊಡುತ್ತಿದ್ದರು. ಅಂದು ಅದಕ್ಕೇ ಅಳುತ್ತಿದ್ದೆವು. ಎಂಥ ನಿರ್ಮಲವಾದ ಕೈಗಳು ಅವು, ಸೋಪಿನ ವಾಸನೆಯವು.

ಕೆಲವು ದಿನ ಕಳೆದು ಬೆಳಿಗ್ಗೆ ಇಮೇಲ್ ಬಂತು: ನಿಮ್ಮ ಫೋನನ್ನು ಅಳಿಸಲಾಗುತ್ತಿದೆ. ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಅಕ್ಕನ ಹಾಸಿಗೆ ಇದ್ದ ಕಡೆ ನೋಡಿ, "ಮುಚ್ಚಿದೆ ಕಣೇ," ಎಂದೆ.

ಅದಾಗಿ ವಾರ ಕಳೆದಿರಲಿಲ್ಲ, ಕಿಕ್ಕೇರಿಯಿಂದ ನಾದಿನಿ ಬಂದಳು. ನನ್ನ ಗಂಡನ ಚಿಕ್ಕಪ್ಪನ ಮಗಳು. ಬೀಗರೂಟದಲ್ಲಿ ನನ್ನ ಎದುರಿನ ಸಾಲಿನಲ್ಲೇ ಮಗನ ಜೊತೆ ಕುಳಿತಿದ್ದವಳು. ಚೀಲದಲ್ಲಿ ಬಾಳೆಗೊನೆಯ ಎರಡು ಚಿಪ್ಪು, ಒಂದು ಡಬ್ಬಿ ತುಪ್ಪ. ಕಾಫಿ ಸೊರಸೊರ ಎಂದು ಹೀರಿ ಮುಗಿಸುವವರೆಗೂ ಮಳೆ, ಹಾಲಿನ ಡೇರಿ ಎನ್ನುತ್ತಿದ್ದಳು.

ಆಮೇಲೆ, "ಅತ್ಗೆ, ನಮ್ ಉಡ್ಗ ಸಂತೇಲಿ ಯಾರ್ದೋ ತಾವ ಒಂದ್ ಫೋನ್ ತಕಂಡವ್ನೆ. ನೋಡುದ್ರೆ ಅದು ನಿಮ್ದಂತೆ," ಎಂದಳು.

"ಹೇಗೆ ಗೊತ್ತಾಯ್ತು?"

"ಅದ್ರು ಮ್ಯಾಲೆ ಪಾಂಡವಪುರದ ಟೀಚರಮ್ಮನ ನಂಬರು ಬತ್ತದೆ. ಏನೂ ಓಪನ್ನೇ ಆಗಕಿಲ್ಲ. ನಾಗಮಂಗಲದ ಮೊಬೈಲ್ ಅಂಗ್ಡಿಯವ್ನ ತಾವ ತಕೊಂಡೋದ. ಓನರ್ರು ಅವ್ರ ಅಕೌಂಟಿನ ಲಿಸ್ಟಿಂದ ಇದನ್ನ ತೆಗುದ್ರೆ ಮಾತ್ರ ಆಯ್ತದೆ, ಇಲ್ದಿದ್ರೆ ಇದು ಇಟ್ಟಿಗೆ ಅಂದ್ಬುಟ್ನಂತೆ."

"ಫೋನ್ ತಂದಿದ್ದೀಯಾ?"

"ಅದೆಂಗ್ ತರಾದು? ಉಡ್ಗ ಕಾಸ್ ಕೊಟ್ಟವ್ನೆ. ನಿಮ್ಗೇನು, ಬ್ಯಾರೆ ಬಂತಲ್ಲ. ಒಂದ್ ಬಟನ್ ಒತ್ತಕೆ ಏನಂತೆ ಅತ್ಗೆ. ರಿಮೂವ್ ಅಂತ ಇರ್ತದಂತೆ, ಒತ್ಬುಡಿ."

ಅವಳ ಬೆರಳು ನನ್ನ ಮೇಜಿನ ಮೇಲಿದ್ದ ಹೊಸ ಫೋನಿನ ಕಡೆ ಚಾಚಿತು. ಉಗುರಿನ ಸಂದಿಯಲ್ಲಿ ಅರಿಶಿನ. ನಾನು ಫೋನನ್ನು ಎತ್ತಿಕೊಂಡೆ.

ಅದನ್ನು ಒಪ್ಪಿಗೆ ಎಂದುಕೊಂಡಳೋ ಏನೋ, ಮುಖಕ್ಕೆ ಮರುಕ ತಂದುಕೊಂಡಳು. "ಅಲ್ಲಾ ಅತ್ಗೆ, ನಿಮ್ಮಕ್ಕನ್ ಬೆನ್ನು ಅಷ್ಟು ಕೊಳ್ತೋಗಿತ್ತಾ? ಪಾಪ. ನಂಗಂತೂ ಎರಡ್ ದಿನ ಅನ್ನ ಸೇರ್ನಿಲ್ಲ."

ಡಾಕ್ಟರನ್ನು ಬಿಟ್ಟು ಆ ಬೆನ್ನನ್ನು ನಾನೊಬ್ಬಳೇ ನೋಡಿದ್ದು. ಅಕ್ಕನ ಮಗಳಿಗೂ ತೋರಿಸಿರಲಿಲ್ಲ.

ಅಳಿಸುವುದಕ್ಕೆ ಮೊದಲೇ, ನನ್ನದೆಂದು ತಿಳಿದೇ ಫೋನು ತೆರೆದು ನೋಡಿದ್ದರು; ಸಂತೆಯಲ್ಲಿ ಕೊಂಡ ಕಥೆ ಅಲ್ಲೇ ಸತ್ತು ಬಿದ್ದಿತ್ತು. ಅವಳಿಗೂ ಅದು ತಿಳಿಯಿತು. ಕಾಫಿ ಲೋಟವನ್ನು ಇತ್ತಿಂದತ್ತ ಸರಿಸಿದಳು. "ಮನೆಯೋರೇ ನೋಡಿದ್ದು, ಅಷ್ಟೆ. ಯಾರ್ಗೂ ಕಳಿಸ್ನಿಲ್ಲ," ಎಂದಳು.

ಕಳಿಸಿದರಾ ಎಂದು ನಾನು ಕೇಳಿರಲಿಲ್ಲ. ಆ ಕ್ಷಣದವರೆಗೆ ಅದು ನನಗೆ ಹೊಳೆದೂ ಇರಲಿಲ್ಲ. ಎರೇಸ್ ಎನ್ನುವುದು ಆ ಒಂದು ಫೋನನ್ನು ತೊಳೆಯಬಲ್ಲದು. ಅದರಿಂದ ಆಗಲೇ ಇನ್ನೊಂದಕ್ಕೆ ದಾಟಿದ್ದನ್ನು ಯಾವ ಬಟನ್ನೂ ಮುಟ್ಟಲಾರದು.

"ನಿನ್ನ ಮಗ ಆ ಫೋನ್ ತಗೊಂಡು ಇಲ್ಲಿಗೆ ಬಂದು, ನನ್ನ ಮುಂದೆ ಕೂತು, ಏನೇನು ನೋಡಿದ, ಏನು ಮಾಡಿದ ಅಂತ ಹೇಳಲಿ," ಎಂದೆ. "ಬಾಳೆಹಣ್ಣು, ತುಪ್ಪ ತಗೊಂಡು ಹೋಗು."

"ಇಷ್ಟಕ್ಕೆಲ್ಲ ನೆಂಟಸ್ತನ ಕೆಡಿಸ್ಕೊತಾರಾ ಅತ್ಗೆ? ಒಂದ್ ಬಟನ್ನು."

"ಹೌದು. ಒಂದ್ ಬಟನ್ನು."

ಬಾಬುರಾಯನಕೊಪ್ಪಲಿನ ಬಸ್ ಸ್ಟಾಪಿಗೆ ಆಟೋ ಕರೆಸಿಕೊಟ್ಟು ಬಾಗಿಲು ಹಾಕಿದೆ. ಲೋಟವನ್ನು ತೊಳೆದೆ, ಮನಸ್ಸಿಗೆ ಸಾಲದೆ ಕೆಲಸದವಳಿಗೆ ಕೊಟ್ಟುಬಿಡೋಣವೆಂದುಕೊಂಡು, ಅವಳಿಗೇಕೆ ಇದು ಎಂದು ಹಿತ್ತಲಿನ ಗಿಡದ ಬುಡಕ್ಕೆ ಎಸೆದೆ.

ಅಕೌಂಟು ತೆರೆದಾಗ ಅಕ್ಕನ ಫೋಟೋಗಳು ಈ ಫೋನಿಗೂ ತಾವಾಗಿ ಇಳಿದು ಬಂದಿದ್ದವು. ಅಂದು ಕುಳಿತು ಒಂದೊಂದನ್ನೇ ಅಳಿಸಿದೆ. ಅಳಿಸಿದವು ಇನ್ನೊಂದು ಕಡೆ ಹೋಗಿ ಕೂರುತ್ತವಂತೆ. ಸೊಸೆ ಹೇಳಿದ ಹಾಗೆ ಅಲ್ಲಿಗೂ ಹೋಗಿ ಅಳಿಸಿದೆ. ನಡುವೆ ಒಂದರಲ್ಲಿ ಅಕ್ಕನ ಜಡೆಯ ತುದಿ ಕಾಣುತ್ತಿತ್ತು. ಅದನ್ನೂ ಅಳಿಸಿದೆ.

ಡಿವೈಸ್ ಲಿಸ್ಟಿನಲ್ಲಿ ಹೊಸ ಫೋನಿನ ಕೆಳಗೆ ಹಳೆಯದು ಇನ್ನೂ ಇದೆ. "ತೆಗೆದುಬಿಡ್ಲಾ ಅತ್ತೆ, ನೋಡಿದಾಗಲೆಲ್ಲ ಬೇಜಾರಲ್ವಾ?" ಎಂದಳು ಸೊಸೆ. ಬೇಡ ಎಂದೆ. ಆ ಹುಡುಗ ಈವರೆಗೂ ಬಂದಿಲ್ಲ.

ಮೊನ್ನೆ ಕೆ.ಆರ್. ಪೇಟೆಯಲ್ಲಿ ಒಂದು ತಿಥಿಗೆ ಹೋಗಿದ್ದೆ. ನಾದಿನಿ ಪಾಯಸದ ಬಕೆಟ್ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದಳು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

"ಸಿಹಿ ಬ್ಯಾಡ್ವಾ ಅತ್ಗೆ?"

"ಬೇಡ."

ಸೌಟು ಎತ್ತಿದ ಹಾಗೇ ಇತ್ತು. ಅವಳ ಕಣ್ಣು ನನ್ನ ಮಡಿಲಿನಲ್ಲಿದ್ದ ಫೋನಿನ ಮೇಲಿತ್ತು. ಎಡಗೈಯಿಂದ ಅದನ್ನು ಸೆರಗಿನೊಳಕ್ಕೆ ಸರಿಸಿಕೊಂಡು, ಮುಂದಿನ ಎಲೆಗೆ ಹೋಗು ಎಂಬಂತೆ ತಲೆಯಾಡಿಸಿದೆ.