ಸೌಟಕ್ಕ ತಿನ್ನದ ಊಟ

ಅನ್ನ ಹೊಟ್ಟೆಗೆ ಇಳಿದ ಮೇಲೆ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ಬ್ರೆಡ್ಡೂ ಅಷ್ಟೇ, ಆಲೂಗಡ್ಡೆಯೂ ಅಷ್ಟೇ, "ಇದು ಜೇನು, ಏನೂ ಆಗಲ್ಲ" ಎಂದು ಕದ್ದು ನೆಕ್ಕುವ ಜೇನೂ ಅಷ್ಟೇ. ನಮ್ಮ ಕಾಲದಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಆಸ್ಪತ್ರೆಯ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಸಕ್ಕರೆ ಕಾಯಿಲೆಯವರಿಗೆಂದೇ ಬೇಯಿಸಿದ ಹೆಂಗಸಿಗೆ ಮಾತ್ರ ಇದನ್ನು ಒಬ್ಬರೂ ಹೇಳಿರಲಿಲ್ಲ.

ಎಲ್ಲರೂ ಅವಳನ್ನು ಸೌಟಕ್ಕ ಎನ್ನುತ್ತಿದ್ದರು. ಕೈಯಲ್ಲಿ ಸೌಟಿಲ್ಲದಾಗ ಅವಳನ್ನು ಕಂಡವರು ಕಡಿಮೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ಅಡುಗೆಮನೆ. ಗೋಡೆಯುದ್ದಕ್ಕೂ ಐದು ದೊಡ್ಡ ಒಲೆ, ಮೇಲೆ ಗುಂಯ್ ಎನ್ನುವ ಹೊಗೆಗಾಳಿಯ ಫ್ಯಾನು, ಬಾಗಿಲ ಬಳಿ ಸಾಲಾಗಿ ನಿಂತ ಟ್ರಾಲಿಗಳು. ಬೆಳಿಗ್ಗೆ ಮೇಲಿನಿಂದ ಚೀಟಿಗಳು ಬರುತ್ತಿದ್ದವು. ಬಿಳಿ ಚೀಟಿ ಸಾಮಾನ್ಯ ಊಟ, ಹಳದಿ ಚೀಟಿ ಸಕ್ಕರೆ ಕಾಯಿಲೆಯವರ ಊಟ. ಹಳದಿಗೆ ಅನ್ನ ಕಡಿಮೆ, ತರಕಾರಿ ಜಾಸ್ತಿ, ಕಸ್ಟರ್ಡ್ ಇಲ್ಲ. ಯಾಕೆ ಎಂದು ಅವಳು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಎರಡು ಮಹಡಿ ಮೇಲೆ ಕೂತು ಚೀಟಿ ಬರೆಯುವವರಿಗೆ ಕೆಳಗೆ ಒಲೆಯ ಮುಂದೆ ಒಬ್ಬ ಹೆಂಗಸಿದ್ದಾಳೆ ಎಂಬುದು ಅಂಕಿಯಾಗಿ ಗೊತ್ತಿತ್ತು, ಅಷ್ಟೆ.

ನಲವತ್ತೆಂಟರ ವಯಸ್ಸಿನಲ್ಲಿ ಚೀಟಿಯ ಅಕ್ಷರ ಮಸುಕಾಗತೊಡಗಿತು. ಬಾಯಿ ಒಣಗುವುದು, ಕೊಡಗಟ್ಟಲೆ ನೀರು ಕುಡಿಯುವುದು, ಗಂಟೆಗೊಮ್ಮೆ ಬಚ್ಚಲಿಗೆ ಓಡುವುದು. ಒಲೆಯ ಕಾವು ಎಂದುಕೊಂಡಳು. ಒಂದು ದಿನ ಹಳದಿ ಚೀಟಿಯನ್ನು ಬಿಳಿ ಎಂದು ಓದಿ ಬೈಸಿಕೊಂಡ ಮೇಲೆಯೇ ರಕ್ತ ಕೊಟ್ಟಿದ್ದು. ಖಾಲಿ ಹೊಟ್ಟೆಯಲ್ಲಿ ನೂರ ಎಂಬತ್ತಾರು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಒಂಬತ್ತು ಪಾಯಿಂಟ್ ಒಂದು; ಏಳರ ಆಸುಪಾಸಿಗೆ ಬರಬೇಕು ಎಂದರು ಡಾಕ್ಟರು. ಊಟದ ಜೊತೆ ನುಂಗುವ ಮಾತ್ರೆ ಬರೆದು, ಉಳಿದದ್ದನ್ನು ಡಯಟ್ ಮೇಡಂ ಹೇಳುತ್ತಾರೆ ಎಂದು ಕಳಿಸಿದರು.

ಅಡುಗೆಮನೆಯ ಸೂಪರ್‌ವೈಸರ್ ಕಿವಿಗೆ ಸುದ್ದಿ ಬಿದ್ದದ್ದೇ ತಡ, ಬೆಂಕಿಯ ಮುಂದೆ ಕಾಯಿಲೆಯವರನ್ನು ನಿಲ್ಲಿಸಿ ತಾನು ತಲೆ ಕೊಡುವುದಿಲ್ಲ ಎಂದುಬಿಟ್ಟರು. ಮೂರು ತಿಂಗಳ ನಂತರದ ರಿಪೋರ್ಟ್ ಸರಿಯಿದ್ದರೆ ಒಲೆ, ಇಲ್ಲವಾದರೆ ಪಾತ್ರೆ ತೊಳೆಯುವ ತೊಟ್ಟಿ. ಸೌಟಕ್ಕನಿಗೆ ಪಾತ್ರೆ ತೊಳೆಯುವುದು ಕೀಳಲ್ಲ. ಅಲ್ಲಿಂದಲೇ ಶುರು ಮಾಡಿದವಳು. ಆದರೆ ನಾಲ್ಕು ನೂರು ಜನರ ಅನ್ನದ ಹದ ಆವಿಯ ವಾಸನೆಯಲ್ಲೇ ಹಿಡಿಯುವ ಕೈ ಅದು. ಆ ಕೈ ಒಲೆ ಬಿಟ್ಟರೆ ತನ್ನಲ್ಲಿ ಉಳಿಯುವುದೇನು ಎಂದು ಅವಳಿಗೆ ತೋಚಲಿಲ್ಲ.

ಡಯಟ್ ಮೇಡಂ ಇನ್ನೂ ಚಿಕ್ಕ ವಯಸ್ಸಿನವಳು, ಶ್ರದ್ಧೆಯ ಹುಡುಗಿ. ಒಂದು ತಟ್ಟೆಯ ಚಿತ್ರ ಬರೆದಳು. ಅರ್ಧ ತರಕಾರಿ, ಕಾಲು ಭಾಗ ಅನ್ನವೋ ಬ್ರೆಡ್ಡೋ, ಇನ್ನು ಕಾಲು ಭಾಗ ಬೇಳೆಯೋ ಮೊಟ್ಟೆಯೋ. ಆಲೂಗಡ್ಡೆ ಅನ್ನದ ಪಾಲಿಗೆ ಸೇರುತ್ತದೆ, ತರಕಾರಿ ಪಾಲಿಗಲ್ಲ. ದಿನಾ ಅದೇ ಹೊತ್ತಿಗೆ ಊಟ, ಒಂದನ್ನೂ ಬಿಡಬಾರದು. ಬೆರಳು ಚುಚ್ಚಿ ಊಟಕ್ಕೆ ಮುಂಚೆ ಒಮ್ಮೆ, ಊಟ ಶುರು ಮಾಡಿದ ಎರಡು ಗಂಟೆಗೆ ಒಮ್ಮೆ ಮೀಟರಿನಲ್ಲಿ ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಸೌಟಕ್ಕ ಚಿತ್ರ ನೋಡಿದಳು, ಮನಸ್ಸಿನಲ್ಲೇ ತನ್ನ ಭಾಷೆಗೆ ತಿರುಗಿಸಿಕೊಂಡಳು: ಎರಡು ಸೌಟು ತರಕಾರಿ, ಒಂದು ಸೌಟು ಅನ್ನ, ಒಂದು ಸೌಟು ಬೇಳೆ.

ಮನೆಗೆ ಹೋಗಿ ಅಂದೇ ಸಣ್ಣ ಸೌಟು ಒಂದನ್ನು ಬೇರೆ ಇಟ್ಟಳು. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಗಂಡ ಅದೇ ತಟ್ಟೆ ಉಣ್ಣಬೇಕಾಯಿತು. ಮೂರನೇ ದಿನ ಅವನು ಬೀನ್ಸಿನ ಗುಡ್ಡ ನೋಡಿ, "ಏನೇ, ಕಾಯಿಲೆ ನಿಂಗಾ ನಂಗಾ?" ಎಂದ. "ನಿಮ್ಗೂ ಬರ್ದೇ ಇರ್ಲಿ ಅಂತ, ಸುಮ್ನೆ ತಿನ್ರೀ," ಎಂದಳು. ಅವನು ತಿಂದ. ಬೆಳಿಗ್ಗೆ ಆರಕ್ಕೆ ಎರಡು ಮೊಟ್ಟೆ, ತರಕಾರಿ, ಒಂದು ಹೋಳು ಬ್ರೆಡ್. ರಾತ್ರಿ ಎಂಟಕ್ಕೆ ಊಟ, ಆಮೇಲೆ ಇಬ್ಬರೂ ಬೀದಿಯ ತುದಿಯವರೆಗೆ ನಡೆದು ಬರುವುದು. ಮೂರು ವಾರಕ್ಕೆ ಬೆಳಗಿನ ಅಂಕಿ ನೂರ ಮೂವತ್ತೆರಡಕ್ಕೆ ಇಳಿಯಿತು.

ಮಧ್ಯಾಹ್ನದ್ದು ಮಾತ್ರ ಇಳಿಯಲಿಲ್ಲ. ಹನ್ನೆರಡೂವರೆಗೆ ಬೆರಳು ಚುಚ್ಚಿದರೆ ಇನ್ನೂರ ಮೂವತ್ತೊಂದು. ಮರುದಿನ ಇನ್ನೂರ ಹದಿನೆಂಟು. ಬೆಳಿಗ್ಗೆ ಆರರ ನಂತರ ಏನೂ ತಿಂದಿಲ್ಲ. ತಿನ್ನುವಂತೆಯೂ ಇರಲಿಲ್ಲ, ಕೊನೆಯ ಟ್ರಾಲಿ ಹೋಗಿ, ಎಂಜಲು ತಟ್ಟೆ ಎಣಿಸಿ, ಮೂರು ಗಂಟೆಯಾಗುವವರೆಗೆ ಒಲೆಯವರು ತಟ್ಟೆ ಹಾಕಿಕೊಳ್ಳುವುದಿಲ್ಲ ಎಂಬುದು ಆ ಅಡುಗೆಮನೆಯ ರೂಢಿ. ಯಾರು ಮಾಡಿದ ರೂಢಿಯೋ, ಮಾಡಿದವರು ಮಾತ್ರ ಒಂದು ಗಂಟೆಗೇ ಉಂಡಿರುತ್ತಿದ್ದರು.

ಡಯಟ್ ಮೇಡಂ ಪುಸ್ತಕ ತಿರುವಿ ಹಾಕಿದಳು. ದನಿ ಮೆತ್ತಗಿತ್ತು, ಪ್ರಶ್ನೆ ಮೆತ್ತಗಿರಲಿಲ್ಲ.

"ಅಕ್ಕಾ, ನಿಜ ಹೇಳಿ. ಮಧ್ಯೆ ಏನೋ ತಿಂತಿದೀರಾ."

"ನೀರು ಬಿಟ್ರೆ ಒಂದು ಕಾಳು ಹಾಕಿಲ್ಲಮ್ಮ ಬಾಯಿಗೆ."

"ಮೀಟರು ಸುಳ್ಳು ಹೇಳಲ್ವಲ್ಲ."

"ನಾನೂ ಹೇಳಲ್ಲ," ಎಂದು ಎದ್ದು ಬಂದಳು.

ಇಂಥ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಅಂಕಿ ಸರಿಹೋಗದಿದ್ದರೆ ಕಾಯಿಲೆಯವರು ಕಳ್ಳರು. ಸೌಟಕ್ಕನ ಮುಖ ಒಲೆಯ ಮುಂದೆಯೂ ಅಷ್ಟು ಕೆಂಪಾದದ್ದಿಲ್ಲ. ಆದರೆ ಅವಳು ಕೂತು ಅಳುವ ಜಾತಿಯಲ್ಲ. ರಜೆಯ ದಿನ ಮನೆಯಲ್ಲಿದ್ದು, ಬೆಳಿಗ್ಗೆ ಅದೇ ತಿಂಡಿ ತಿಂದು, ಅದೇ ಹನ್ನೆರಡೂವರೆಗೆ ಚುಚ್ಚಿ ನೋಡಿದಳು. ನೂರ ಮೂವತ್ತೆಂಟು. ಅಂದರೆ ತಿಂಡಿಯದ್ದು ತಪ್ಪಲ್ಲ, ಮಾತ್ರೆಯದ್ದೂ ಅಲ್ಲ. ಏನೋ ಇದೆ, ಅದು ಅಡುಗೆಮನೆಯಲ್ಲಿದೆ.

ಮರುದಿನ ಬ್ರೆಡ್ ಕತ್ತರಿಸುವ ಗೆಳತಿಯ ಹತ್ತಿರ ಹೊಟ್ಟೆಯೊಳಗಿನದನ್ನೆಲ್ಲ ಹೇಳಿಕೊಂಡಳು. ಎಲ್ಲರೂ ಬ್ರೆಡ್ಡಮ್ಮ ಎಂದು ಕರೆಯುವ ಆಕೆ, ವಾಸನೆ ಕುಡಿದೇ ಸಕ್ಕರೆ ಏರಿರಬೇಕು ಎಂದು ನಕ್ಕಳು. ಸೌಟಕ್ಕನಿಗೆ ನಗು ಬರಲಿಲ್ಲ. ಗಂಜಿಯನ್ನು ಸೌಟಿನಿಂದ ಅಂಗೈಗೆ ಸುರಿದುಕೊಂಡು, ಸೊರ್ರೆಂದು ಎಳೆದು, ಉಪ್ಪು ಸಾಲದು ಎಂದು ತಲೆಯಾಡಿಸಿ, ಬಾಯಿ ಒರೆಸಿಕೊಂಡು ಹೇಳಿದಳು: "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣೇ, ಆಣೆ ಮಾಡಿ ಹೇಳ್ತೀನಿ."

ಬ್ರೆಡ್ಡಮ್ಮನ ಚಾಕು ನಿಂತಿತು. "ಮತ್ತೆ ಈಗ ಒಳಗೆ ಹೋಯ್ತಲ್ಲ, ಅದೇನು?"

"ಅದು ರುಚಿ ನೋಡಿದ್ದು."

"ಹೊಟ್ಟೆಗೆ ಗೊತ್ತಾ ಅದು?"

ಸೌಟಕ್ಕ ಸೌಟನ್ನು ಕೆಳಗಿಟ್ಟಳು. ಹಂಡೆಯಲ್ಲಿ ಪದಾರ್ಥ ಕಡಿಮೆ ಬಿದ್ದರೆ ಎಲ್ಲಿ ಹೋಯಿತೆಂದು ಅಳೆದೇ ತಿಳಿಯುವವಳು ಅವಳು. ಬಾಯಿಮಾತಿನ ಲೆಕ್ಕ ಅವಳಿಗೆ ಆಗದು. ಒಂದು ಸ್ಟೀಲ್ ಬಟ್ಟಲು ತಂದು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಅಂದು ಬಾಯಿಗೆ ಹೋದಷ್ಟನ್ನೇ ಪ್ರತಿ ಸಲವೂ ಬಟ್ಟಲಿಗೂ ಹಾಕಿದಳು. ಗಂಜಿಯ ಹದಕ್ಕೆ ಒಂದು ಅಂಗೈ, ಉಪ್ಪು ಹಾಕಿದ ಮೇಲೆ ಇನ್ನೊಂದು. ಅನ್ನ ಬೆಂದಿದೆಯೇ ಎಂದು ನಾಲ್ಕು ಹಂಡೆಗೆ ನಾಲ್ಕು ಚಿಟಿಕೆ. ನುರಿದ ಆಲೂಗಡ್ಡೆ. ಕಸ್ಟರ್ಡ್ ಗಟ್ಟಿಯಾಯಿತೇ, ಸಿಹಿ ಸರಿಯೇ, ತಳ ಹಿಡಿದ ವಾಸನೆ ಬರುತ್ತಿದೆಯೇ ಎಂದು ಮೂರು ಸಲ. ಬ್ರೆಡ್ಡಮ್ಮ ಎಣಿಸುತ್ತಿದ್ದಳು. ಹನ್ನೆರಡು ಗಂಟೆಗೆ ಮೂವತ್ತೊಂದು ಸಲವಾಗಿತ್ತು. ಬಟ್ಟಲನ್ನು ತಕ್ಕಡಿಗಿಟ್ಟರೆ ನಾನೂರು ಗ್ರಾಂ ದಾಟಿತು. ಹಳದಿ ಚೀಟಿಯವರಿಗೆ ಒಂದು ಹೊತ್ತಿಗೆ ಕೊಡುವ ಅನ್ನಕ್ಕಿಂತ ಹೆಚ್ಚು ಅದರಲ್ಲಿತ್ತು, ಮೇಲೆ ಕಸ್ಟರ್ಡ್ ಬೇರೆ.

ಏಪ್ರನ್ ಬಿಚ್ಚದೆ, ಬಟ್ಟಲು ಹಿಡಿದು ಎರಡು ಮಹಡಿ ಹತ್ತಿ, ಡಯಟ್ ಮೇಡಂ ಮೇಜಿನ ಮೇಲೆ ಇಟ್ಟಳು.

"ತಗೊಳಮ್ಮ. ಇದು ನಾನು ತಿನ್ನದೇ ಇರೋ ಊಟ."

ಹುಡುಗಿ ಬಟ್ಟಲು ನೋಡಿದಳು, ಅವಳ ಮುಖ ನೋಡಿದಳು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಹೇಳಿದ ಮಾತಿಗಾಗಿ ಅವಳನ್ನೂ ಮೆಚ್ಚಬೇಕು: "ತಪ್ಪು ನಂದು ಅಕ್ಕಾ. ಊಟ ಎಷ್ಟೊತ್ತಿಗೆ ಅಂತ ಕೇಳ್ದೆ, ಕೆಲಸ ಏನು ಅಂತ ಕೇಳ್ಲೇ ಇಲ್ಲ."

ಇಬ್ಬರೂ ಕೂತು ಮತ್ತೆ ಶುರು ಮಾಡಿದರು. ಈ ಸಲ ಯೋಜನೆ ಹಾಕಿದ್ದು ಹೆಚ್ಚಾಗಿ ಸೌಟಕ್ಕನೇ. ಉಪ್ಪನ್ನು ಕೈಯಳತೆಯಲ್ಲಿ ಹಾಕಿ ನಾಲಿಗೆಯಿಂದ ಸರಿಪಡಿಸುವ ಬದಲು, ಇಂತಿಷ್ಟು ಹಂಡೆಗೆ ಇಂತಿಷ್ಟು ಗ್ರಾಂ ಎಂದು ತೂಗಿ ಹಾಕುವುದು. ಅಂಗೈ ಬಂದ್, ಪ್ರತಿ ಸಲ ತೊಳೆದ ಚಹಾ ಚಮಚದ ತುದಿಯಷ್ಟು, ಒಂದು ಪದಾರ್ಥಕ್ಕೆ ಕೊನೆಯಲ್ಲಿ ಒಂದೇ ಸಲ. ಅನ್ನ ಬೆಂದದ್ದನ್ನು ಬೆರಳಲ್ಲಿ ಹಿಸುಕಿ ನೋಡಿದರೆ ಸಾಕು. ಕಸ್ಟರ್ಡಿನ ಸಿಹಿ ನೋಡುವ ಕೆಲಸ ಬ್ರೆಡ್ಡಮ್ಮನಿಗೆ; ಆಕೆ ಮೊದಲು ಓಡಿ ಹೋಗಿ ತನ್ನ ಸಕ್ಕರೆ ಪರೀಕ್ಷಿಸಿಕೊಂಡು ಬಂದಳು. ಎಲ್ಲಕ್ಕಿಂತ ದೊಡ್ಡದು, ಊಟ ಮೂರಕ್ಕಲ್ಲ, ಹನ್ನೆರಡೂವರೆಗೆ. ಹಸಿದ ಹೊಟ್ಟೆ ಹೊತ್ತು ನಿಂತವಳ ಕೈ ತಾನಾಗಿಯೇ ಹಂಡೆಗೆ ಹೋಗುತ್ತದೆ ಎಂಬುದನ್ನು ಅವಳೇ ಒಪ್ಪಿಕೊಂಡಿದ್ದಳು.

ಮೊದಲ ದಿನವೇ ಸೂಪರ್‌ವೈಸರ್ ಹಿಡಿದರು. ಟ್ರಾಲಿಗಳು ಇನ್ನೂ ಅರ್ಧದಷ್ಟೇ ಹೋಗಿವೆ, ಸೌಟಕ್ಕ ಸ್ಟೂಲಿನ ಮೇಲೆ ಕೂತು ತಟ್ಟೆಯಲ್ಲಿ ಕೈಯಿಟ್ಟಿದ್ದಾಳೆ.

"ರೋಗಿಗಳು ಉಣ್ಣೋಕೆ ಮುಂಚೆ ನೀನು ಉಣ್ತೀಯಾ?"

"ನಾನೂ ರೋಗಿನೇ ಸಾರ್. ಹಳದಿ ಚೀಟಿ ಬರೆಸ್ಕೊಂಡ್ ಬರ್ಲಾ?"

ಸುತ್ತಲಿದ್ದವರು ನಗು ಹಲ್ಲಲ್ಲಿ ಕಚ್ಚಿ ಹಿಡಿದರು. ಮೇಡಂ ನಿಜವಾಗಿಯೂ ಚೀಟಿ ಬರೆದು ಕಳಿಸಿದಳು. ಅಂದಿನಿಂದ ಹಳದಿ ತಟ್ಟೆಗಳ ಎಣಿಕೆಯಲ್ಲಿ ಒಂದು ಹೆಚ್ಚು. ಆ ಒಂದು ಟ್ರಾಲಿ ಏರುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ ಸೌಟಕ್ಕ ತಾನು ಬೇಯಿಸಿದ್ದನ್ನು ಬಿಸಿಬಿಸಿಯಾಗಿ, ಕೂತು ಉಂಡಳು. ತರಕಾರಿಗೆ ಉಪ್ಪು ತುಸು ಕಡಿಮೆ ಎಂದು ಅವಳಿಗೆ ಗೊತ್ತಾದದ್ದೂ ಆಗಲೇ.

ಹಾದಿ ನೇರವಾಗೇನೂ ಇರಲಿಲ್ಲ. ಅಭ್ಯಾಸಬಲದಿಂದ ಅಂಗೈ ಮುಂದೆ ಬರುತ್ತಿತ್ತು. ಬ್ರೆಡ್ಡಮ್ಮ ದೂರದಿಂದಲೇ ಕೆಮ್ಮುತ್ತಿದ್ದಳು. ಸಂಬಂಧಿಕರ ಮನೆಯ ಊಟಕ್ಕೆ ಹೋಗಿ ಬಂದ ದಿನ ಅಂಕಿ ಇನ್ನೂರು ದಾಟಿತು. ಅದನ್ನೂ ಬರೆದಳು, ಪಕ್ಕದಲ್ಲಿ "ಎರಡು ಸೌಟು ಅನ್ನ, ನನ್ನದೇ ತಪ್ಪು" ಎಂದೂ ಬರೆದಳು. ಮುಚ್ಚಿಡದೆ ಬರೆದ ಆ ಸಾಲಿಗೆ ಇರುವ ತೂಕ ಎಷ್ಟೋ ದೊಡ್ಡವರ ಭಾಷಣಕ್ಕಿಲ್ಲ.

ಮೂರು ತಿಂಗಳ ರಿಪೋರ್ಟ್ ಬಂದಾಗ ಏಳು ಪಾಯಿಂಟ್ ಎರಡು. ಇನ್ನೂ ಸ್ವಲ್ಪ ಇಳಿಯಬೇಕು, ಮಾತ್ರೆ ಬಿಡುವಂತಿಲ್ಲ, ತಟ್ಟೆಯೂ ಜೀವನಪೂರ್ತಿ ಇದೇ ಎಂದರು ಡಾಕ್ಟರು. ಸೂಪರ್‌ವೈಸರ್ ಕಾಗದವನ್ನು ಎರಡು ಸಲ ಓದಿ, ಮಡಚಿ ಕೊಟ್ಟು, ನಾಳೆ ಗಂಜಿ ಮುನ್ನೂರು ಜನಕ್ಕೆ ಎಂದಷ್ಟೇ ಹೇಳಿದರು. ಸೌಟಕ್ಕ ಒಲೆಯ ಕಡೆ ತಿರುಗಿದಳು. ಅಡುಗೆಮನೆಯ ಮಿಕ್ಕ ನಾಲ್ವರು ಒಲೆಯವರೂ ಆ ವಾರ ರಕ್ತ ಕೊಟ್ಟರು, ಒಬ್ಬಳಿಗೆ ಸಕ್ಕರೆ ಗಡಿಯಲ್ಲಿತ್ತು. ಈಗ ಐವರೂ ಸರದಿಯಲ್ಲಿ ಹನ್ನೆರಡೂವರೆಗೆ ಕೂರುತ್ತಾರೆ. ರೋಗಿಗಳ ಊಟ ಒಂದು ದಿನವೂ ತಡವಾಗಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಎಲ್ಲರಿಗೂ ಬಡಿಸಿ, ನಡುವೆ ಅದನ್ನಿಷ್ಟು ಇದನ್ನಿಷ್ಟು ಬಾಯಿಗೆ ಹಾಕಿಕೊಂಡು, ಹೊತ್ತು ಮೀರಿ ಒಬ್ಬರೇ ಉಣ್ಣುವವರು. ಈ ಪುಟ ಮಡಚಿಟ್ಟು ಎದ್ದು ಹೋಗಿ. ಇಂದು ಅವರ ತಟ್ಟೆಗೆ ಮೊದಲು ಬಡಿಸಿ, ಕೂರಿಸಿ. ಈ ವಾರ ಮುಗಿಯುವುದರೊಳಗೆ ಅವರ ರಕ್ತ ಪರೀಕ್ಷೆ ಮಾಡಿಸಿ.